ಹಳೆ ಫೋನಿನ ಬೆಲೆ ಬಾಗಿಲಲ್ಲಿ ಇಳಿದಾಗ

ಚಿಕ್ಕಮಗಳೂರಿನ ನಮ್ಮ ಸರ್ವಿಸ್ ಅಂಗಡಿಗೆ ಮೂಡಿಗೆರೆ ಕಡೆಯ ಗ್ರಾಹಕರೊಬ್ಬರು ಫೋನ್ ಮಾಡಿದರು. ಡೆಲಿವರಿ ಹುಡುಗ ಇನ್ನೂ ಬಾಗಿಲಲ್ಲೇ ನಿಂತಿದ್ದ. ಅವರು ಆನ್‌ಲೈನ್‌ನಲ್ಲಿ ತರಿಸಿದ ಹೊಸ ಫೋನಿನ ಬೆಲೆ 21,999 ರೂಪಾಯಿ. ಹಳೆ ಫೋನಿಗೆ 7,800, ಅದರ ಮೇಲೆ ಎಕ್ಸ್‌ಚೇಂಜ್ ಬೋನಸ್ 1,500. ಉಳಿದ 12,699 ಕಟ್ಟಿಯೂ ಆಗಿತ್ತು. ಈಗ ಆ್ಯಪ್ ಹಳೆ ಫೋನಿಗೆ ಬರೀ 3,900 ತೋರಿಸುತ್ತಿದೆ, ಇನ್ನೂ 3,900 ಕೊಡಿ ಎನ್ನುತ್ತಿದ್ದಾನೆ. "ಇದು ಮೋಸ ಅಲ್ವಾ ಸರ್?" ಎಂದು ಕೇಳಿದರು.

ಮೋಸ ಎಂದು ಒಂದೇ ಮಾತಿಗೆ ಹೇಳಲಾಗದು. ಆರ್ಡರ್ ಮಾಡುವಾಗ ಕಾಣುವ ಬೆಲೆ ನಾವೇ ಹೇಳಿದ ಉತ್ತರಗಳ ಮೇಲೆ ನಿಂತಿರುತ್ತದೆ. ಡಿಸ್‌ಪ್ಲೇ ಸರಿಯಿದೆಯಾ, ಬಾಡಿ ಬಗ್ಗಿದೆಯಾ, ಚಾರ್ಜ್ ಆಗುತ್ತಾ ಎಂದೆಲ್ಲ ಕೇಳುತ್ತಾರೆ. ನಾವು ಅವಸರದಲ್ಲಿ ಎಲ್ಲಕ್ಕೂ 'ಸರಿಯಿದೆ' ಒತ್ತುತ್ತೇವೆ. ಪರೀಕ್ಷೆ ಮಾಡಿದ ಮೇಲೆ ಬೆಲೆ ಬದಲಾಗಬಹುದು ಎಂಬ ಷರತ್ತು ಅಲ್ಲೇ ಕೆಳಗೆ ಬರೆದಿರುತ್ತದೆ. ಬಂದ ಹುಡುಗ ಸಾಮಾನ್ಯವಾಗಿ ಬೆಲೆ ಕಟ್ಟುವುದಿಲ್ಲ. ಅದೇ ಥರದ ಪ್ರಶ್ನೆಗಳಿಗೆ ಅವನು ತನ್ನ ಆ್ಯಪ್‌ನಲ್ಲಿ ಉತ್ತರ ತುಂಬುತ್ತಾನೆ, ಮೊತ್ತವನ್ನು ಆ್ಯಪ್ ಹೇಳುತ್ತದೆ. ಹಾಗಾಗಿ ಅವನ ಹತ್ತಿರ ಬೆಲೆ ಚೌಕಾಸಿ ಮಾಡಿ ಪ್ರಯೋಜನವಿಲ್ಲ. ಯಾವ ಪ್ರಶ್ನೆಗೆ ಏನು ಒತ್ತಿದೆ ಎಂದು ಕೇಳಬೇಕು.

ಅವರು ಕೇಳಿದರು. "ಸ್ಕ್ರೀನ್ ಮೇಲೆ ಸ್ಪಾಟ್ ಇದೆ ಅಂತ ಹಾಕಿದೀನಿ ಮೇಡಂ" ಎಂದ.

ಬೆಲೆ ಅರ್ಧಕ್ಕೆ ಇಳಿದಿದ್ದು ಅಲ್ಲೇ. ಹಿಂಭಾಗದ ಗೀರಿಗೆ ಸ್ವಲ್ಪ ಹೋಗುತ್ತದೆ, ಡಿಸ್‌ಪ್ಲೇ ದೋಷಕ್ಕೆ ಜಾಸ್ತಿ ಹೋಗುತ್ತದೆ. ಯಾಕೆಂದರೆ ಡಿಸ್‌ಪ್ಲೇಯೇ ಫೋನಿನ ದುಬಾರಿ ಭಾಗ. ಚುಕ್ಕೆ ಸಾಸಿವೆ ಕಾಳಿನಷ್ಟೇ ಇದ್ದರೂ ಪೂರ್ತಿ ಡಿಸ್‌ಪ್ಲೇ ಬದಲಾಯಿಸಬೇಕು, ಆ ಖರ್ಚನ್ನು ಮೊದಲೇ ಕಳೆದುಬಿಡುತ್ತಾರೆ.

ನಿಜವಾದ ಸ್ಪಾಟ್ ಪತ್ತೆ ಮಾಡುವುದು ಸುಲಭ. ಪೂರ್ತಿ ಬಿಳಿ ಚಿತ್ರವೊಂದನ್ನು ತೆರೆದು ಬ್ರೈಟ್‌ನೆಸ್ ಪೂರ್ತಿ ಏರಿಸಿ. ಚುಕ್ಕೆ, ಗೆರೆ, ಬಣ್ಣ ಮಾಸಿದ ಜಾಗ ಇದ್ದರೆ ಎದ್ದು ಕಾಣುತ್ತದೆ. ಆಮೇಲೆ ಸ್ಕ್ರೀನ್ ಆಫ್ ಮಾಡಿ ಓರೆಯಾಗಿ ಬೆಳಕಿಗೆ ಹಿಡಿಯಿರಿ. ಆಗಲೂ ಅದೇ ಜಾಗದಲ್ಲಿ ಗುರುತು ಕಂಡರೆ ಅದು ಹೆಚ್ಚಾಗಿ ಮೇಲಿನ ಗಾಜಿನದ್ದು. ಇವರ ಫೋನಿಗೆ ಟೆಂಪರ್ಡ್ ಗ್ಲಾಸ್ ಅಂಟಿಸಿತ್ತು. "ಮೊದಲು ಅದನ್ನು ಕಿತ್ತು, ಇನ್ನೊಮ್ಮೆ ಚೆಕ್ ಮಾಡಿಸಿ" ಎಂದೆ. ಗ್ಲಾಸಿನ ಕೆಳಗೆ ಗಾಳಿ ಗುಳ್ಳೆ ಕೂತಿತ್ತು, ಅಷ್ಟೇ. ಮರುಪರೀಕ್ಷೆಯಲ್ಲಿ 7,100 ಬಂತು. ಹಿಂಭಾಗದ ಗೀರು ನಿಜವಾಗಿಯೂ ಇತ್ತು, 700 ಕೊಟ್ಟು ಮುಗಿಸಿದರು.

ಎಲ್ಲರಿಗೂ ಹೀಗೆ ಆಗುವುದಿಲ್ಲ. ನಮ್ಮ ಮಳೆಗಾಲ ಕಂಡ ಫೋನುಗಳಲ್ಲಿ ಚಾರ್ಜಿಂಗ್ ಪೋರ್ಟ್ ತುಕ್ಕು ಹಿಡಿದಿರುವುದನ್ನು ನೋಡುತ್ತಲೇ ಇರುತ್ತೇನೆ. ಕೇಬಲ್ ಅಲ್ಲಾಡಿಸಿದರೆ ಮಾತ್ರ ಚಾರ್ಜ್ ಆಗುವ ಫೋನಿಗೆ ಬೆಲೆ ಇಳಿದರೆ ನಾನೂ ನ್ಯಾಯ ಎಂದೇ ಹೇಳುತ್ತೇನೆ.

ಕಡಿಮೆ ಬೆಲೆಯೇ ಸರಿ ಎಂದು ಖಚಿತವಾದರೆ ಲೆಕ್ಕ ಹಾಕಿ. ವ್ಯತ್ಯಾಸ ಕೊಟ್ಟು ತೆಗೆದುಕೊಳ್ಳಬಹುದು. ಬೇಡ ಎಂದು ಆರ್ಡರ್ ವಾಪಸ್ ಕಳಿಸಬಹುದು, ಕಟ್ಟಿದ ಹಣ ಹಿಂದಿರುಗುತ್ತದೆ. ಕೆಲವೆಡೆ ಎಕ್ಸ್‌ಚೇಂಜ್ ಬಿಟ್ಟು ಪೂರ್ತಿ ಬೆಲೆಗೆ ಹೊಸದನ್ನು ಕೊಳ್ಳಲೂ ಬಿಡುತ್ತಾರೆ, ಆದರೆ ಆಗ ಬೋನಸ್ಸೂ ಹೋಗುತ್ತದೆ. ಜನ ಮರೆಯುವುದು ಇದನ್ನೇ. ಅದೇ ಫೋನಿಗೆ ಐ.ಜಿ. ರಸ್ತೆಯ ಅಂಗಡಿಯಲ್ಲಿ 5,000 ಸಿಗುತ್ತದೆ ಅಂದುಕೊಳ್ಳಿ. 3,900ಕ್ಕಿಂತ ಮೇಲು ಎನಿಸುತ್ತದೆ. ಬೋನಸ್ ಸೇರಿಸಿದರೆ ಎಕ್ಸ್‌ಚೇಂಜ್‌ನಲ್ಲಿ 5,400 ಆಗುತ್ತದೆ! ಡೆಲಿವರಿಗೆ ಮುಂಚೆಯೇ ಅಂಗಡಿಯಲ್ಲೊಂದು ಬೆಲೆ ಕೇಳಿಟ್ಟುಕೊಂಡಿದ್ದರೆ ಬಾಗಿಲಲ್ಲಿ ತಡಕಾಡಬೇಕಿಲ್ಲ.

ತೀರ್ಮಾನ ಆಗುವವರೆಗೆ ಓಟಿಪಿ ಹೇಳಬೇಡಿ, ಹಳೆ ಫೋನ್ ಕೈಬಿಡಬೇಡಿ. ಬ್ಯಾಕಪ್ ಹಿಂದಿನ ದಿನವೇ ಮಾಡಿ. ಫ್ಯಾಕ್ಟರಿ ರೀಸೆಟ್ ಮಾತ್ರ ಬೆಲೆ ಒಪ್ಪಿದ ಮೇಲೆ, ಗೂಗಲ್ ಅಕೌಂಟ್ ತೆಗೆದು ಮಾಡಿ. ಮೊದಲೇ ಎಲ್ಲ ಅಳಿಸಿ ಕೂತವರು "ಇನ್ನೇನು ಮಾಡೋದು" ಎಂದು ಸುಮ್ನೆ ಒಪ್ಪಿಕೊಳ್ಳುವುದನ್ನು ಕಂಡಿದ್ದೇನೆ.

ತಪ್ಪಾಗಿ ದೋಷ ಹಾಕಿ, ಮರುಪರೀಕ್ಷೆಗೂ ಒಪ್ಪದಿದ್ದರೆ ದೂರು ಕೊಡಬಹುದು. ಆದರೆ 'ಬೆಲೆ ಇಳಿಸಿದರು' ಎಂದಷ್ಟೇ ಬರೆದರೆ ಷರತ್ತು ತೋರಿಸಿ ಕೈತೊಳೆದುಕೊಳ್ಳುತ್ತಾರೆ. 'ಇಲ್ಲದ ದೋಷ ನಮೂದಿಸಿದರು' ಎಂದು ಬರೆಯಿರಿ. ಆರ್ಡರ್ ದಿನದ ಬೆಲೆಯ ಸ್ಕ್ರೀನ್‌ಶಾಟ್, ಬಿಳಿ ಸ್ಕ್ರೀನಿನ ವಿಡಿಯೋ, *#06# ಒತ್ತಿದಾಗ ಬರುವ ಐಎಂಇಐ ನಂಬರಿನ ಫೋಟೋ, ಹುಡುಗನ ಆ್ಯಪ್‌ನಲ್ಲಿ ಕಂಡ ಮೊತ್ತದ ಫೋಟೋ ಜೊತೆಗಿರಲಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಕಳಿಸಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವರು 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗವಿದೆ. ಮಾರಿದ ಕಂಪನಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಏಳುನೂರು ರೂಪಾಯಿಗೆ ಅಲ್ಲಿಯವರೆಗೆ ಹೋಗಿ ಎಂದು ನಾನಂತೂ ಹೇಳುವುದಿಲ್ಲ. ನಾಲ್ಕು ಸಾವಿರಕ್ಕೆ, ವಿಡಿಯೋ ಕೈಯಲ್ಲಿದ್ದರೆ, ಹೋಗಬಹುದು.