ಫೋಟೊ ಡೇಟಾಬೇಸ್‌ನಲ್ಲಿರಬೇಕೋ, ಫೋಲ್ಡರ್‌ನಲ್ಲೋ? ಹಳೇ ಜಗಳದ ಹಿನ್ನೆಲೆ

ಪಿಎಚ್‌ಪಿ, ಮೈಎಸ್‌ಕ್ಯುಎಲ್ ಇಟ್ಟುಕೊಂಡು ಸೈಟ್ ಕಟ್ಟುತ್ತಿದ್ದ ಕಾಲದಲ್ಲಿ ಒಂದು ತೊಂದರೆ ಮಾಮೂಲಾಗಿತ್ತು. ಅಪ್‌ಲೋಡ್ ಮಾಡಿದ ಫೋಟೊದ ಮೇಲ್ಭಾಗ ಸರಿಯಾಗಿರುತ್ತಿತ್ತು, ಕೆಳಗೆಲ್ಲ ಬೂದು ಬಣ್ಣ. ಕಾರಣ ಇಷ್ಟೇ: ಫೋಟೊದಂಥ ಬೈನರಿ ಡೇಟಾ ಇಡುವ `BLOB` ಕಾಲಂನಲ್ಲಿ 64 ಕೆಬಿ ಮಾತ್ರ ಹಿಡಿಯುತ್ತದೆ. ಸ್ಟ್ರಿಕ್ಟ್ ಮೋಡ್ ಇಲ್ಲದಿದ್ದರೆ ಮಿಕ್ಕಿದ್ದನ್ನು ಮೈಎಸ್‌ಕ್ಯುಎಲ್ ಕತ್ತರಿಸಿಬಿಡುತ್ತಿತ್ತು. ಎರರ್ ಇಲ್ಲ, ಬರೀ ವಾರ್ನಿಂಗ್. ಅದನ್ನು ಯಾರು ಓದುತ್ತಾರೆ? `MEDIUMBLOB` ಮಾಡಿಕೊಂಡರೆ 16 ಎಂಬಿವರೆಗೆ ಜಾಗ ಸಿಗುತ್ತಿತ್ತು. ಆದರೂ ಫೋಟೊ ಡೇಟಾಬೇಸ್‌ಗೆ ಹಾಕಲೇಬಾರದು ಎಂಬ ಮಾತು ಗಟ್ಟಿಯಾಗಿ ಉಳಿಯಿತು.

2006ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಸೆಲ್ ಸಿಯರ್ಸ್, ಮೈಕ್ರೋಸಾಫ್ಟ್ ರಿಸರ್ಚ್‌ನ ಕ್ಯಾಥರೀನ್ ವ್ಯಾನ್ ಇಂಗೆನ್ ಮತ್ತು ಜಿಮ್ ಗ್ರೇ ಇದನ್ನು ಅಳೆದೇ ನೋಡಿದರು. ಒಂದು ಕಡೆ ಎಸ್‌ಕ್ಯುಎಲ್ ಸರ್ವರ್, ಇನ್ನೊಂದು ಕಡೆ ವಿಂಡೋಸ್‌ನ ಎನ್‌ಟಿಎಫ್‌ಎಸ್ ಫೈಲ್‌ಗಳು. 256 ಕೆಬಿಗಿಂತ ಚಿಕ್ಕದಾದರೆ ಡೇಟಾಬೇಸ್ ಮೇಲು, 1 ಎಂಬಿ ದಾಟಿದರೆ ಫೈಲ್ ಮೇಲು ಎಂದು ಕಂಡುಬಂತು. ನಡುವಿನದ್ದು ಎಷ್ಟು ಓದುತ್ತೀರಿ, ಎಷ್ಟು ಸಲ ಬದಲಿಸುತ್ತೀರಿ ಎಂಬುದರ ಮೇಲೆ ನಿಲ್ಲುತ್ತದೆ. ಹಳೆಯದನ್ನು ತೆಗೆದು ಹೊಸದನ್ನು ಹಾಕುತ್ತಾ ಹೋದಂತೆ ದೊಡ್ಡ ವಸ್ತುಗಳು ಡೇಟಾಬೇಸ್‌ನೊಳಗೆ ಚೂರುಚೂರಾಗಿ ಹರಡಿಕೊಳ್ಳುತ್ತವೆ, ಓದುವುದು ನಿಧಾನವಾಗುತ್ತದೆ. ಎಸ್‌ಎಸ್‌ಡಿ ಬಂದ ಮೇಲೆ ಆ ಅಂಕಿಗಳನ್ನು ಹಾಗೇ ನಂಬಬೇಕಿಲ್ಲ. ಆದರೆ ಚಿಕ್ಕದು ಒಳಗೆ, ದೊಡ್ಡದು ಹೊರಗೆ ಅನ್ನೋದು ಈಗಲೂ ನಡೆಯುತ್ತದೆ.

ಫೈಲ್ ಪಕ್ಷಕ್ಕೂ ಪೆಟ್ಟು ಬಿತ್ತು. ಒಂದೊಂದು ಫೋಟೊವನ್ನೂ ಒಂದೊಂದು ಫೈಲ್ ಮಾಡಿದ್ದ ಫೇಸ್‌ಬುಕ್‌ಗೆ, ಒಂದು ಫೋಲ್ಡರ್‌ನಲ್ಲಿ ಸಾವಿರಾರು ಫೈಲ್ ಸೇರಿದಾಗ, ಒಂದು ಚಿತ್ರ ಓದಲು 10ಕ್ಕೂ ಜಾಸ್ತಿ ಸಲ ಡಿಸ್ಕ್ ಮುಟ್ಟಬೇಕಾಗುತ್ತಿತ್ತು. ಅದಕ್ಕೇ ಅವರು ಹಲವಾರು ಫೋಟೊಗಳನ್ನು ಒಂದೇ ದೊಡ್ಡ ಫೈಲ್‌ಗೆ ತುಂಬುವ ಹೇಸ್ಟ್ಯಾಕ್ ಕಟ್ಟಿ, 2010ರಲ್ಲಿ ಅದರ ವಿವರ ಪ್ರಕಟಿಸಿದರು.

ನನ್ನ ಪ್ರಕಾರ ಸಣ್ಣ ಸೈಟ್‌ಗೆ ವೇಗ ದೊಡ್ಡ ವಿಷಯವೇ ಅಲ್ಲ, ಡೇಟಾಬೇಸೂ ಫೈಲೂ ತಾಳೆಯಾಗಿರುವುದೇ ದೊಡ್ಡದು. ಫೋಟೊವನ್ನು ಫೋಲ್ಡರ್‌ನಲ್ಲಿಟ್ಟು ಡೇಟಾಬೇಸ್‌ನಲ್ಲಿ ಅದರ ಪಾತ್ ಮಾತ್ರ ಇಟ್ಟರೆ, ಫೋಟೊ ಟ್ರಾನ್ಸಾಕ್ಷನ್‌ನಿಂದ ಹೊರಗುಳಿಯುತ್ತದೆ. ಟ್ರಾನ್ಸಾಕ್ಷನ್ ರದ್ದಾಗಿ ರೋಲ್‌ಬ್ಯಾಕ್ ಆದರೆ ಡೇಟಾಬೇಸ್‌ನ ಸಾಲು ಹೋಗುತ್ತದೆ, ಫೈಲ್ ಡಿಸ್ಕ್‌ನಲ್ಲೇ ಬಿದ್ದಿರುತ್ತದೆ. ಅದು ಸಹಿಸಬಹುದಾದ ಕಸ. ಸಾಲು ಇದ್ದು ಫೈಲ್ ಇಲ್ಲದಿದ್ದರೆ ಮಾತ್ರ ಓದುಗರಿಗೆ ಮುರಿದ ಚಿತ್ರ ಕಾಣುತ್ತದೆ.

ಆದ್ದರಿಂದ ಮೊದಲು ಫೈಲ್ ಪೂರ್ತಿ ಬರೆದು, ಆಮೇಲೆ ಸಾಲು ಸೇರಿಸಬೇಕು. ಅಳಿಸುವಾಗ ಉಲ್ಟಾ: ಮೊದಲು ಸಾಲು, ಕೆಲವು ದಿನ ಬಿಟ್ಟು ಫೈಲ್. ಬದಲಿಸುವಾಗ ಹಳೇ ಹೆಸರಿನ ಮೇಲೆ ಬರೆಯದೆ ಹೊಸ ಹೆಸರು ಕೊಡಬೇಕು. ಇಷ್ಟು ಪಾಲಿಸಿದರೆ ಬ್ಯಾಕಪ್ಪೂ ಸುಲಭ. ಮೊದಲು ಡೇಟಾಬೇಸ್ ಡಂಪ್, ಆಮೇಲೆ ಫೋಲ್ಡರ್ ಕಾಪಿ. ಡಂಪ್‌ನಲ್ಲಿರುವ ಪ್ರತಿ ಪಾತ್‌ಗೂ ಫೈಲ್ ಸಿಗುತ್ತದೆ. ಕ್ರಮ ತಿರುಗಿಸಿದರೆ ನಡುವೆ ಬಂದ ಫೋಟೊಗಳು ಕಾಣೆ, ಅದು ಗೊತ್ತಾಗುವುದು ರೀಸ್ಟೋರ್ ಮಾಡುವ ದಿನ.

ಸಾಲಿಲ್ಲದೆ ಉಳಿದ ಅನಾಥ ಫೈಲ್ ಗುಡಿಸುವ ಸ್ಕ್ರಿಪ್ಟ್ ಬರೆಯುವುದಾದರೆ, ಒಂದು ದಿನಕ್ಕಿಂತ ಹೊಸ ಫೈಲ್‌ಗಳನ್ನು ಮುಟ್ಟದಂತೆ ಮಾಡಿ. ಅವುಗಳಲ್ಲಿ ಕೆಲವಕ್ಕೆ ಸಾಲು ಇನ್ನೂ ಕಮಿಟ್ ಆಗಿರುವುದಿಲ್ಲ.