ಕೈಗೆ ಬಂದದ್ದು ಎಷ್ಟಮ್ಮ?

ಸಾಲದ ಸಲಹೆಗೆ ಬಂದವರನ್ನು ನಾನು ಮೊದಲು ಕೇಳುವುದು ಇದನ್ನೇ. ಉತ್ತರ ಮಾತ್ರ ಯಾವಾಗಲೂ "ಹತ್ತು ಸಾವಿರ ತಗೊಂಡೆ ಸಾರ್" ಅಂತಲೇ.

ಇಡ್ಲಿ ಗಾಡಿ ಇಟ್ಟಿರುವ ಒಬ್ಬ ಅಮ್ಮ ಮೈಕ್ರೋಫೈನಾನ್ಸ್ ಸಂಘದ ವಾರದ ಕಂತು 700 ರೂಪಾಯಿ ಹೊಂದಿಸಲಾಗದೆ ಬಡ್ಡಿಯವನ ಹತ್ತಿರ ಹೋಗಿದ್ದರು. ಅವನು 1,500 ಮುರಿದುಕೊಂಡು 8,500 ಕೊಟ್ಟ. ವಾರಕ್ಕೆ ಸಾವಿರದಂತೆ ಹತ್ತು ವಾರ ಕಟ್ಟಬೇಕು. "ಇವನದು ನೂರಕ್ಕೆ ಹದಿನೈದೇ ಸಾರ್, ಸಂಘದಲ್ಲಿ ಇಪ್ಪತ್ನಾಲ್ಕು" ಎಂದರು. ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಸಂಘದ ಇಪ್ಪತ್ನಾಲ್ಕು ಒಂದು ವರ್ಷಕ್ಕೆ, ಅದೂ ಉಳಿದ ಅಸಲಿನ ಮೇಲೆ. ಇವನ ಹದಿನೈದು ಹತ್ತೇ ವಾರಕ್ಕೆ. ಹೋಗಲಿ, ಆ 8,500 ಆದರೂ ಹತ್ತು ವಾರ ಇವರ ಹತ್ತಿರ ಇರುತ್ತದಾ? ವಾರವಾರವೂ ಸಾವಿರ ವಾಪಸ್ ಹೋಗುತ್ತದೆ. ಸರಾಸರಿ ನೋಡಿದರೆ ಇವರು ಬಳಸುವುದು 5,000ಕ್ಕೂ ಕಡಿಮೆ. ಐದು ಸಾವಿರಕ್ಕೆ 1,500 ಅಂದರೆ ಹತ್ತು ವಾರಕ್ಕೆ ನೂರಕ್ಕೆ 30, ವಾರಕ್ಕೆ 3, ವರ್ಷಕ್ಕೆ 156. ಸರಿಯಾಗಿ ಹಾಕಿದರೆ 160ರ ಹತ್ತಿರ. 24ರ ಸಾಲದ ಕಂತಿಗೆ 160ರ ಸಾಲ! ಈಗ ವಾರಕ್ಕೆ 700 ಅಲ್ಲ, 1,700 ಬೇಕು.

ನಿಜವಾದ ಬಲೆ ಆರನೇ ವಾರದಲ್ಲಿ. ನಾಲ್ಕು ಕಂತು ಬಾಕಿ ಇರುವಾಗ ಅವನೇ ಬಂದು, "ಹಳೇದು ಮುರಿದು ಹೊಸ ಹತ್ತು ಕೊಡ್ಲಾ?" ಅನ್ನುತ್ತಾನೆ. ಬಾಕಿ 4,000, ಬಡ್ಡಿ 1,500 ಹಿಡಿದು ಕೈಗೆ 4,500 ಇಡುತ್ತಾನೆ. ಆ 4,000ಕ್ಕೆ ಬಡ್ಡಿ ಮೊದಲೇ ಕೊಟ್ಟಾಗಿತ್ತು ಅಲ್ವಾ? ಅದಕ್ಕೇ ಮತ್ತೆ ಬಡ್ಡಿ. ಸಿಕ್ಕ 4,500ಕ್ಕೆ, ಹಳೇ ನಾಲ್ಕು ವಾರದ ಜೊತೆಗೆ ಕಟ್ಟಬೇಕಾದದ್ದು ಇನ್ನೂ ಆರು ವಾರ, ಆರು ಸಾವಿರ.

ಒಡವೆ ಅಡ ಇಟ್ಟು ಇದನ್ನು ಬೇಗ ತೀರಿಸೋಣ ಅಂದರು. ಬೇಡ ಅಂದೆ. ಮೊದಲೇ ಮುರಿದುಕೊಂಡ ಬಡ್ಡಿಯಲ್ಲಿ ಅವನು ಏನಾದರೂ ಬಿಡುವುದಾದರೆ ಸರಿ, ಇಲ್ಲವಾದರೆ ಬೇಗ ಕಟ್ಟಿ ಒಂದು ಪೈಸೆ ಲಾಭವಿಲ್ಲ. ಹತ್ತನೇ ವಾರದವರೆಗೆ ಕಟ್ಟಿ, ಹೊಸದು ಮುಟ್ಟಬೇಡಿ.

ಸಂಘದ ಕಂತಿಗೆ ಶಾಖೆಗೇ ಹೋಗಿ, ಕಂತು ಚಿಕ್ಕದು ಮಾಡಿಕೊಡಿ ಅಂತ ಬರೆದು ಕೇಳಿದೆವು. ಎಲ್ಲರಿಗೂ ಒಪ್ಪುತ್ತಾರೆ ಅನ್ನಲಾರೆ. ಬಾಕಿ ಬಿದ್ದರೆ ಸಾಲದ ದಾಖಲೆಯಲ್ಲೂ ಕೂರುತ್ತದೆ, ಗುಂಪಿನ ಹೆಂಗಸರ ಮಾತೂ ಕೇಳಬೇಕು. ಇವರಿಗೆ 450ಕ್ಕೆ ಇಳಿಸಿಕೊಟ್ಟರು.

ಹತ್ತನೇ ವಾರ ಮುಗಿದ ಮೇಲೆ ಅವನು ಗಾಡಿ ಹತ್ತಿರ ಬಂದು, "ಹೊಸದು ಬೇಡ್ವಾ ಅಕ್ಕಾ?" ಅಂದನಂತೆ. ನಾಲ್ಕು ಇಡ್ಲಿ ಕೊಟ್ಟು, ದುಡ್ಡು ಎಣಿಸಿಕೊಂಡು ಕಳಿಸಿದರಂತೆ.