ಕಾಲ್ ರೆಕಾರ್ಡಿಂಗ್: ಆ ಕಡೆಯ ದನಿ ಎಲ್ಲಿ ಹೋಯಿತು?

ತಕರಾರಿಗೆ ಸಿಕ್ಕಿಕೊಂಡ ಆಡಿಯೋ ಫೈಲ್‌ಗಳನ್ನು ಪರೀಕ್ಷಿಸಿ ಹೇಳುವುದು ನನ್ನ ಕೆಲಸ. ಫೋನ್ ಕರೆಗಳ ರೆಕಾರ್ಡಿಂಗ್ ಹಿಡಿದು ಬರುವವರಲ್ಲಿ ಬಹಳಷ್ಟು ಜನರ ದೂರು ಒಂದೇ: ‘ನಾನು ಆಡಿದ್ದೆಲ್ಲ ಇದೆ, ಅವರು ಆಡಿದ್ದು ಮಾತ್ರ ಇಲ್ಲ.’ ಫೈಲ್ ಕೆಟ್ಟಿದೆ, ಸರಿಮಾಡಿ ಕೊಡಿ ಅನ್ನುತ್ತಾರೆ. ಫೈಲ್ ಕೆಟ್ಟಿರುವುದಿಲ್ಲ. ಆ ದನಿ ಅದರೊಳಗೆ ಬಂದೇ ಇರುವುದಿಲ್ಲ.

ಇತ್ತೀಚೆಗೆ ಬಂದ ಒಬ್ಬ ಮಹಿಳೆಯದೂ ಇದೇ ಕಥೆ. ಬಾಡಿಗೆ ಮನೆ ಬಿಟ್ಟಿದ್ದರು. ಠೇವಣಿಯನ್ನು ಎರಡು ಕಂತಿನಲ್ಲಿ ವಾಪಸ್ ಕೊಡುವುದಾಗಿ ಮನೆ ಮಾಲೀಕರು ಫೋನಿನಲ್ಲಿ ಒಪ್ಪಿದ್ದರಂತೆ. ಕಿವಿಯಲ್ಲಿ ಬ್ಲೂಟೂತ್ ಇಯರ್‌ಫೋನ್, ಆಂಡ್ರಾಯ್ಡ್ ಫೋನಿನಲ್ಲಿ ಎಲ್ಲಿಂದಲೋ ಇಳಿಸಿಕೊಂಡ ರೆಕಾರ್ಡರ್ ಆ್ಯಪ್. ಫೈಲ್ ಹಾಕಿ ಕೇಳಿದರೆ ಆಕೆ ಮಾತಾಡುತ್ತಾರೆ, ನಿಲ್ಲಿಸುತ್ತಾರೆ, ‘ಸರಿ, ಹಾಗೇ ಮಾಡಿ’ ಅನ್ನುತ್ತಾರೆ. ನಿಲ್ಲಿಸಿದ ಕಡೆಗಳಲ್ಲಿ ದನಿ ಹೆಚ್ಚಿಸಿ ನೋಡಿದೆ. ಆಕೆಯ ಕೋಣೆಯ ಫ್ಯಾನ್ ಸದ್ದು ಒಂದೇ ಸಮನೆ ಕೇಳುತ್ತಿತ್ತು, ಮಾಲೀಕರ ದನಿಯ ಸುಳಿವೂ ಇರಲಿಲ್ಲ. ಆ್ಯಪ್ ಕರೆಯನ್ನು ಮುಟ್ಟಿಯೇ ಇಲ್ಲ, ಮೈಕ್ ತೆರೆದು ಕೋಣೆಯನ್ನು ರೆಕಾರ್ಡ್ ಮಾಡಿದೆ ಎಂದು ಆ ಫ್ಯಾನ್ ಸದ್ದೇ ಹೇಳುತ್ತಿತ್ತು.

ಕಾರಣ ಫೋನಿನ ಒಳಗಿದೆ. ಕರೆಯಲ್ಲಿ ಎರಡು ಹರಿವುಗಳಿರುತ್ತವೆ. ನಿಮ್ಮ ಮೈಕಿನಿಂದ ನೆಟ್‌ವರ್ಕಿಗೆ ಹೋಗುವುದು ಒಂದು, ನೆಟ್‌ವರ್ಕಿನಿಂದ ನಿಮ್ಮ ಕಿವಿಗೆ ಬರುವುದು ಇನ್ನೊಂದು. ಈ ಎರಡನ್ನೂ ಹಿಡಿಯಬೇಕಾದರೆ ಆಂಡ್ರಾಯ್ಡಿನಲ್ಲಿ CAPTURE_AUDIO_OUTPUT ಎಂಬ ಅನುಮತಿ ಬೇಕು. ಅದು ಫೋನ್ ತಯಾರಾಗುವಾಗಲೇ ಒಳಗೆ ಕೂರಿಸಿದ ಸಿಸ್ಟಮ್ ಆ್ಯಪ್‌ಗಳಿಗೆ ಮೀಸಲು. ಫೋನಿನ ಜೊತೆಗೇ ಬಂದ ಡಯಲರ್‌ಗೆ ಅದು ಇರಬಹುದು. ನೀವು ಆಮೇಲೆ ಹಾಕಿಕೊಂಡ ಆ್ಯಪ್‌ಗೆ, ನೀವು ಎಷ್ಟು ‘ಅಲೋ’ ಒತ್ತಿದರೂ, ಅದು ಸಿಗುವುದಿಲ್ಲ.

ಹಾಗಾಗಿ ಹೊರಗಿನ ಆ್ಯಪ್‌ಗಳಿಗೆ ಉಳಿದದ್ದು ಮೈಕ್ ಮಾತ್ರ. 2019ರ ಆಂಡ್ರಾಯ್ಡ್ 10ರಿಂದ ಅದಕ್ಕೂ ಕಡಿವಾಣ ಬಿತ್ತು. ಕರೆ ನಡೆಯುವಾಗ ಸಾಮಾನ್ಯ ಆ್ಯಪ್ ಮೈಕ್ ತೆರೆದರೆ ಅದಕ್ಕೆ ಸಿಗುವುದು ಬರೀ ಮೌನ. ಫೈಲಿನ ಅವಧಿ ಸರಿಯಾಗಿರುತ್ತದೆ, ತೆರೆದರೆ ಒಂದು ಚಪ್ಪಟೆ ಗೆರೆ. ಅಂಗವಿಕಲರ ಅನುಕೂಲಕ್ಕೆಂದು ಇಟ್ಟ ಆ್ಯಕ್ಸೆಸಿಬಿಲಿಟಿ ಸೇವೆಯ ಹೆಸರಿನಲ್ಲಿ ಮಾತ್ರ ಮೈಕ್ ಸಿಗುತ್ತಿತ್ತು, ರೆಕಾರ್ಡರ್ ಆ್ಯಪ್‌ಗಳೆಲ್ಲ ಆ ಹಿತ್ತಿಲ ಬಾಗಿಲಲ್ಲೇ ನುಗ್ಗಿದವು. ಕರೆ ರೆಕಾರ್ಡ್ ಮಾಡಲು ಅದನ್ನು ಬಳಸಕೂಡದು ಎಂದು 2022ರ ಮೇ ತಿಂಗಳಿಂದ ಗೂಗಲ್ ಪ್ಲೇ ನಿಯಮ ಮಾಡಿತು. ಪ್ಲೇ ಸ್ಟೋರಿನ ಹೊರಗೆ ಸಿಗುವ ಆ್ಯಪ್‌ಗಳು ಇವತ್ತಿಗೂ ಅದೇ ದಾರಿ ಹಿಡಿಯುತ್ತವೆ. ಒಂದು ಕರೆ ಉಳಿಸಿಕೊಳ್ಳಲು ಪರದೆ ಮೇಲಿನದನ್ನೆಲ್ಲ ಓದಬಲ್ಲ ಅನುಮತಿಯನ್ನು ಅಪರಿಚಿತ ಆ್ಯಪ್‌ಗೆ ಕೊಡುವುದು ನನ್ನ ಮಟ್ಟಿಗೆ ತೀರಾ ದುಬಾರಿ ವ್ಯಾಪಾರ.

‘ಸ್ಪೀಕರ್ ಹಾಕಿದರೆ ಆಯಿತಲ್ಲ?’ ಎಂದು ಕೇಳುತ್ತಾರೆ. ಕೆಲವು ಫೋನುಗಳಲ್ಲಿ ಸುಮಾರಾಗಿ ಆಗುತ್ತದೆ, ಕೆಲವದರಲ್ಲಿ ಇಲ್ಲ. ಸ್ಪೀಕರಿನಿಂದ ಹೊರಬಂದ ದನಿ ಮತ್ತೆ ಮೈಕಿಗೆ ಹೊಕ್ಕು ಆ ಕಡೆಯವರಿಗೆ ಪ್ರತಿಧ್ವನಿಯಾಗಿ ಕೇಳಿಸಬಾರದೆಂದು ಫೋನ್ ಅದನ್ನು ಅಳಿಸುತ್ತಿರುತ್ತದೆ. ನಿಮಗೆ ಬೇಕಾದ ದನಿಯೂ ಅದೇ. ಅಳಿಸಿದ ಮೇಲಿನದು ಆ್ಯಪ್‌ಗೆ ಸಿಕ್ಕರೆ ಮಾತು ತುಂಡುತುಂಡಾಗಿ, ನೀರೊಳಗಿಂದ ಬಂದಂತೆ ಕೇಳುತ್ತದೆ. ಇಯರ್‌ಫೋನ್ ಹಾಕಿದ್ದರಂತೂ ಆ ದನಿ ಗಾಳಿಗೇ ಬರುವುದಿಲ್ಲ. ಆ ಮಹಿಳೆಗೆ ಆದದ್ದು ಇದೇ.

ಒಳಗಿನ ರೆಕಾರ್ಡರಿನ ಫೈಲ್ ಬೇರೆ ಥರ. ಎರಡೂ ದನಿ ಹೆಚ್ಚುಕಡಿಮೆ ಸಮನಾಗಿರುತ್ತವೆ, ಇಯರ್‌ಫೋನ್ ಹಾಕಿದ್ದರೂ ವ್ಯತ್ಯಾಸವಾಗುವುದಿಲ್ಲ. ಆ ಕಡೆಯ ದನಿಯ ಆವರ್ತನ ಸಾಮಾನ್ಯವಾಗಿ 3,400 ಹರ್ಟ್ಸ್ ಸುಮಾರಿಗೆ, ಎಚ್‌ಡಿ ಕರೆಯಾದರೆ 7,000ದ ಸುಮಾರಿಗೆ, ಕತ್ತರಿಸಿದಂತೆ ನಿಲ್ಲುತ್ತದೆ. ಅದು ನೆಟ್‌ವರ್ಕಿನ ಗುರುತು. ಆ ಮಹಿಳೆಯ ಫೈಲಿನಲ್ಲಿ ಆಕೆಯ ದನಿ ಅದಕ್ಕಿಂತ ಬಹಳ ಮೇಲಿನವರೆಗೂ ಇತ್ತು, ಅಂದರೆ ನೆಟ್‌ವರ್ಕಿಗೆ ಹೋಗುವ ಮೊದಲೇ ಮೈಕಿನಲ್ಲಿ ಹಿಡಿದದ್ದು.

ಒಪ್ಪಿಗೆಯ ಪ್ರಶ್ನೆಗೂ ಇದಕ್ಕೂ ನಂಟಿದೆ. ಕಾನೂನು ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಕರೆಯಲ್ಲಿರುವ ಒಬ್ಬರ ಒಪ್ಪಿಗೆ ಸಾಕು, ಆ ಒಬ್ಬರು ರೆಕಾರ್ಡ್ ಮಾಡುವವರೇ ಆಗಿರಬಹುದು. ಅದೇ ದೇಶದ ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಮಾತುಕತೆಗೆ ಎಲ್ಲರ ಒಪ್ಪಿಗೆಯೂ ಬೇಕು. ಜರ್ಮನಿಯಲ್ಲಿ ಖಾಸಗಿ ಮಾತನ್ನು ಅನುಮತಿಯಿಲ್ಲದೆ ರೆಕಾರ್ಡ್ ಮಾಡುವುದು ಅಪರಾಧ, ಮೂರು ವರ್ಷದವರೆಗೆ ಜೈಲಾಗಬಹುದು. ಇಬ್ಬರು ಎರಡು ಕಡೆ ಇದ್ದರೆ? ಒಬ್ಬರ ಒಪ್ಪಿಗೆ ಸಾಕೆನ್ನುವ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಕೂತು ಕ್ಯಾಲಿಫೋರ್ನಿಯಾದ ಗ್ರಾಹಕರ ಕರೆಗಳನ್ನು ಹೇಳದೆ ರೆಕಾರ್ಡ್ ಮಾಡಿದ ಪ್ರಕರಣದಲ್ಲಿ, ಕ್ಯಾಲಿಫೋರ್ನಿಯಾದ ಕಾನೂನೇ ಅನ್ವಯ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಆದ್ದರಿಂದ ಎರಡರಲ್ಲಿ ಬಿಗಿಯಾದ ನಿಯಮವನ್ನೇ ಪಾಲಿಸಿ ಎನ್ನುತ್ತೇನೆ. ಇದೆಲ್ಲ ನೀವೇ ಆಡುವ ಕರೆಗಳ ಮಾತು. ಬೇರೆಯವರ ಫೋನಿನಲ್ಲಿ ಗುಟ್ಟಾಗಿ ಆ್ಯಪ್ ಹಾಕಿ ಅವರ ಕರೆ ಕೇಳುವುದು ಕದ್ದಾಲಿಕೆ, ಅದಕ್ಕೆ ‘ಒಬ್ಬರ ಒಪ್ಪಿಗೆ’ಯ ನೆಪವೂ ಇಲ್ಲ.

ಗೂಗಲ್‌ನ ಫೋನ್ ಆ್ಯಪಿನಲ್ಲಿ ರೆಕಾರ್ಡಿಂಗ್ ಒತ್ತಿದರೆ ಕರೆ ರೆಕಾರ್ಡ್ ಆಗುತ್ತಿದೆ ಎಂಬ ಘೋಷಣೆ ಇಬ್ಬರಿಗೂ ಕೇಳಿಸುತ್ತದೆ. 2024ರ ಅಕ್ಟೋಬರ್‌ನಲ್ಲಿ ಐಓಎಸ್ 18.1ರೊಂದಿಗೆ ಐಫೋನಿಗೆ ಬಂದ ರೆಕಾರ್ಡಿಂಗೂ ಹೀಗೇ ಘೋಷಿಸಿ, ಫೈಲನ್ನು ನೋಟ್ಸ್ ಆ್ಯಪಿನಲ್ಲಿ ಇಡುತ್ತದೆ. ಕೆಲವು ಕಂಪನಿಗಳ ಡಯಲರ್‌ಗಳು ಕೆಲವು ದೇಶಗಳಲ್ಲಿ ಘೋಷಣೆಯಿಲ್ಲದೆಯೂ ರೆಕಾರ್ಡ್ ಮಾಡುತ್ತವೆ. ಫೋನಿನಲ್ಲಿ ಸೌಲಭ್ಯ ಇದೆ ಅಂದ ಮಾತ್ರಕ್ಕೆ ನೀವಿರುವಲ್ಲಿ ಅದು ಕಾನೂನುಬದ್ಧ ಅಂತಲ್ಲ.

ಘೋಷಣೆ ಬಂದರೂ ಬಾಯಲ್ಲಿ ಕೇಳುವುದೇ ಮೇಲು. ‘ಮರೆತುಹೋಗದಿರಲಿ ಅಂತ ಇದನ್ನ ರೆಕಾರ್ಡ್ ಮಾಡ್ಕೊಳ್ತಿದೀನಿ, ಆಗಬಹುದಾ?’ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಇಲ್ಲೇ ಮೈಕ್ ನಂಬಿದ ಆ್ಯಪ್ ಕೈಕೊಡುವುದು. ಅದರಲ್ಲಿ ನಿಮ್ಮ ಪ್ರಶ್ನೆ ಉಳಿಯುತ್ತದೆ, ‘ಆಗಲಿ’ ಅಂದ ಉತ್ತರ ಉಳಿಯುವುದಿಲ್ಲ. ಒಪ್ಪಿಗೆ ಕೇಳಿದಿರಿ ಎನ್ನುವುದಕ್ಕೆ ಸಾಕ್ಷಿ ಇದೆ, ಸಿಕ್ಕಿತು ಎನ್ನುವುದಕ್ಕೆ ಇಲ್ಲ.

ಈ ಮಾತಿಗೆ ಆ ಮಹಿಳೆ ಅಂದರು: ‘ಗೊತ್ತಾಗಿದ್ದರೆ ಅವರು ಬಾಯೇ ಬಿಡ್ತಿರಲಿಲ್ಲ.’ ಇರಬಹುದು. ಅಂಥಲ್ಲಿ ರೆಕಾರ್ಡಿಂಗ್ ಬಿಟ್ಟು, ಕರೆ ಮುಗಿದ ಕೂಡಲೇ ‘ಈಗ ಮಾತಾಡಿದಂತೆ ಮೊದಲ ಕಂತು ಇಂಥ ದಿನ, ಎರಡನೆಯದು ಇಂಥ ದಿನ, ಸರಿ ತಾನೆ?’ ಎಂದು ಮೆಸೇಜ್ ಕಳಿಸುವುದು ವಾಸಿ. ‘ಸರಿ’ ಎಂದು ಬಂದ ಒಂದು ಉತ್ತರ, ಫ್ಯಾನ್ ಸದ್ದು ತುಂಬಿದ ರೆಕಾರ್ಡಿಂಗಿಗಿಂತ ಎಷ್ಟೋ ಪಾಲು ಉಪಯೋಗಕ್ಕೆ ಬರುತ್ತದೆ. ಆಕೆಗೆ ಇನ್ನೂ ತಡವಾಗಿರಲಿಲ್ಲ, ನನ್ನೆದುರೇ ಕೂತು ಮೆಸೇಜ್ ಬರೆದರು.

ರೆಕಾರ್ಡ್ ಮಾಡಲೇಬೇಕಾದವರು ಮುಖ್ಯವಾದ ಕರೆಗೆ ಮುಂಚೆ ಪರಿಚಿತರೊಬ್ಬರಿಗೆ ಹೇಳಿ, ಫೋನ್ ಮಾಡಿ ನೋಡಿ. ನೀವು ಒಂದು ಅಂದರೆ ಅವರು ಎರಡು ಅನ್ನಲಿ, ಹೀಗೆ ಹತ್ತರವರೆಗೆ ಎಣಿಸಿ. ಮೊದಲು ಫೋನ್ ಕಿವಿಗಿಟ್ಟು, ಆಮೇಲೆ ಸ್ಪೀಕರ್ ಹಾಕಿ, ಕೊನೆಗೆ ಇಯರ್‌ಫೋನ್ ಹಾಕಿ ಮಾಡಿ. ಮೂರರಲ್ಲೂ ಸಮಸಂಖ್ಯೆಗಳು ಸ್ಪಷ್ಟವಾಗಿ ಕೇಳಿಸಿದರೆ ನಿಮ್ಮ ರೆಕಾರ್ಡರ್ ಕರೆಯನ್ನೇ ಹಿಡಿಯುತ್ತಿದೆ. ಸ್ಪೀಕರಿನಲ್ಲಿ ಮಾತ್ರ ಕೇಳಿಸಿದರೆ ಅದು ಬರೀ ಮೈಕ್.